ಬೇವನ್ನು ಓಡಿಸದ ಯುಗಾದಿ ಶುಭಾಶಯ ಬರೆಯುವುದು ಹೇಗೆ?

ಯುಗಾದಿಯ ಹಿಂದಿನ ರಾತ್ರಿಯಿಂದಲೇ ಫೋನಿಗೆ ಶುಭಾಶಯಗಳು ಬಂದು ಬೀಳುತ್ತವೆ. ಅದರಲ್ಲಿ ಅರ್ಧಕ್ಕರ್ಧ ಒಂದೇ ಮಾತು: "ಬೇವಿನ ಕಹಿ ಮರೆಯಾಗಲಿ, ಬೆಲ್ಲದ ಸಿಹಿ ತುಂಬಿರಲಿ." ಕೇಳಲು ಚೆನ್ನಾಗಿದೆ. ಆದರೆ ಕಹಿ ಮರೆಯಾಗಬೇಕು ಎನ್ನುವುದಾದರೆ, ಬೆಳಿಗ್ಗೆ ಎದ್ದು ಎಣ್ಣೆ ಸ್ನಾನ ಮಾಡಿ, ಅದೇ ಕಹಿಯನ್ನು ದೇವರ ಮುಂದೆ ಇಟ್ಟು, ದೊಡ್ಡವರ ಹತ್ತಿರ ಕೈಯೊಡ್ಡಿ ಇಸ್ಕೊಂಡು ತಿನ್ನುವುದು ಯಾಕೆ? ಬೇಡವಾದದ್ದನ್ನು ಯಾರೂ ನೈವೇದ್ಯಕ್ಕೆ ಇಡುವುದಿಲ್ಲ, ಅಲ್ವಾ?

ಬೇವು ಬೆಲ್ಲದ ಅರ್ಥ ಹೇಳುವ ಶುಭಾಶಯ ಎಡವುವುದು ಇಲ್ಲೇ. ಬದುಕಿನ ಕಹಿ ಸಿಹಿ ಎರಡನ್ನೂ ಒಪ್ಪಿಕೊಳ್ಳುವುದು ಅಂತ ಶುರು ಮಾಡಿ, ಮುಂದಿನ ಸಾಲಿಗೆ ಬರುವಷ್ಟರಲ್ಲಿ ಕಹಿಯನ್ನು ಓಡಿಸಿಬಿಟ್ಟಿರುತ್ತದೆ. ನಾಲ್ಕೈದು ಸಾಲಿನಲ್ಲಿ, ಈ ಎಡವಟ್ಟಿಲ್ಲದೆ, ಓದಿದವರಿಗೆ ಇದು ನಮ್ಮ ಮನೆಯವರೇ ಬರೆದದ್ದು ಎನ್ನಿಸುವ ಹಾಗೆ ಶುಭಾಶಯ ಬರೆಯುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಮೈಸೂರು, ಮಂಡ್ಯ ಕಡೆಯ ಮನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಬೇರೆ ಕಡೆಯವರು ತಮ್ಮ ಬಟ್ಟಲಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಬರೆಯುವ ಮೊದಲು ಬಟ್ಟಲು ನೋಡಿ

ಶುಭಾಶಯದಲ್ಲಿ ಬರುವ ಬೇವು ಬೆಲ್ಲ ನಿಮ್ಮ ಮನೆಯದೇ ಆಗಿರಲಿ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಹರಿದಾಡುವ ಎಷ್ಟೋ ಸಂದೇಶಗಳಲ್ಲಿ "ಆರು ರುಚಿಗಳ ಬೇವು ಬೆಲ್ಲ" ಅಂತ ಇರುತ್ತದೆ. ಬೇವಿನ ಹೂವು, ಬೆಲ್ಲ, ಹುಣಸೆ, ಮಾವಿನಕಾಯಿ, ಖಾರ, ಉಪ್ಪು ಸೇರಿಸಿ ಆರು ರುಚಿ ಮಾಡುವುದು ತೆಲುಗರ ಯುಗಾದಿ ಪಚ್ಚಡಿ. ಅದು ನೀರು ನೀರಾಗಿರುತ್ತದೆ, ಲೋಟದಲ್ಲಿ ಕುಡಿಯಬಹುದು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇರುವುದು ಎರಡೇ ರುಚಿ. ಬೇವಿನ ಹೂವು ಇಲ್ಲವೇ ಎಳೆ ಚಿಗುರು, ಜೊತೆಗೆ ಬೆಲ್ಲ. ಕೆಲವರು ಹುರಿಗಡಲೆ ಸೇರಿಸುತ್ತಾರೆ, ಕೆಲವರು ಒಂದು ಚಮಚ ತುಪ್ಪ ಹಾಕುತ್ತಾರೆ. ಆರು ರುಚಿಗೆ ಆರು ಭಾವನೆ ಅಂತ ಪಟ್ಟಿ ಹಾಕಿದ ಸಂದೇಶವನ್ನು ಮಂಡ್ಯದ ಮನೆಯಿಂದ ಕಳಿಸಿದರೆ, ಓದುವವರ ಬಾಯಿಯ ನೆನಪಿಗೂ ಆ ಮಾತಿಗೂ ತಾಳೆಯಾಗುವುದಿಲ್ಲ.

ಬೇವು ಬೆಲ್ಲ ಮಾಡುವ ಕೆಲಸವನ್ನು ಈ ಸಲ ನೀವೇ ಕೈಗೆ ತಗೊಳ್ಳಿ. ಬರೆಯಲು ಬೇಕಾದದ್ದು ಅಲ್ಲೇ ಸಿಗುತ್ತದೆ.

ರಸ್ತೆ ಬದಿಯ ಮರದ ಹೂವಿನಲ್ಲಿ ಧೂಳು ಜಾಸ್ತಿ, ಹಾಗಾಗಿ ಒಳಗಿನ ಮರ ಹುಡುಕಿ. ಪಟ್ಟಣದಲ್ಲಿ ಮರ ಸಿಗದಿದ್ದರೆ ಮೈಸೂರಿನ ದೇವರಾಜ ಮಾರುಕಟ್ಟೆಯಂಥ ಕಡೆ ಹಬ್ಬದ ಹಿಂದಿನ ದಿನ ಮಾವಿನ ಸೊಪ್ಪಿನ ಜೊತೆಗೇ ಬೇವಿನ ಕಟ್ಟು ಮಾರುತ್ತಾರೆ. ಹೂವಿನ ಗೊಂಚಲನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಉಜ್ಜಿದರೆ ಹೂವು ಉದುರುತ್ತದೆ, ಹಸಿರು ಕಡ್ಡಿ ಕೈಯಲ್ಲಿ ಉಳಿಯುತ್ತದೆ. ಕಡ್ಡಿ ಬಿಸಾಡಿ. ಹೂವನ್ನು ಜರಡಿಯಲ್ಲಿ ಹಾಕಿ ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಆರಿಸಿ.

ಹಬ್ಬ ಬೇಗ ಬಂದ ವರ್ಷ ಹೂವು ಪೂರ್ತಿ ಅರಳಿರುವುದಿಲ್ಲ. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೇ ಬಂದಿತ್ತು. ಅಂಥ ವರ್ಷ ಮೊಗ್ಗಿನ ಜೊತೆಗೆ ತುದಿಯ ಎಳೆ ಚಿಗುರು ತಗೊಳ್ಳಿ, ಇನ್ನೂ ಕೆಂಪಗೇ ಇರುವ ಎಲೆ. ಬಲಿತ ಹಸಿರೆಲೆಗಿಂತ ಅದು ಮೆತ್ತಗೆ, ಕಹಿಯೂ ಕಡಿಮೆ. ಹೂವಿನ ಕಹಿ ಅದಕ್ಕಿಂತಲೂ ಹಗುರ.

ಐದಾರು ಜನರ ಮನೆಗೆ ಒಂದು ಚಮಚ ಹೂವಿಗೆ ನಾಲ್ಕು ಚಮಚ ಪುಡಿ ಮಾಡಿದ ಬೆಲ್ಲ ಸಾಕು. ಚಿಗುರಾದರೆ ಹತ್ತು ಹನ್ನೆರಡು ಎಲೆಯನ್ನು ಸಣ್ಣಗೆ ಹೆಚ್ಚಿಕೊಳ್ಳಿ. ಕಲ್ಲಿನಲ್ಲಿ ಹಾಕಿ ಒಂದೆರಡು ಸಲ ಜಜ್ಜಿದರೆ ಮುಗಿಯಿತು. ಜಾಸ್ತಿ ಅರೆದರೆ ಕಹಿ ಪೂರ್ತಿ ಬೆಲ್ಲಕ್ಕೆ ಇಳಿದು, ಮಕ್ಕಳು ಮುಖ ತಿರುಗಿಸುತ್ತಾರೆ. ಹಿಂದಿನ ರಾತ್ರಿಯೇ ಕಲಸಿ ಇಡಬೇಡಿ. ಬೆಲ್ಲ ನೀರು ಬಿಟ್ಟು ಬೆಳಗಾಗುವಷ್ಟರಲ್ಲಿ ಬಟ್ಟಲಲ್ಲಿ ಪಾಕದ ಥರ ಆಗಿರುತ್ತದೆ.

ಬೆಲ್ಲದ ಬಗ್ಗೆ ಒಂದು ಮಾತು. ಮಂಡ್ಯ ಸೀಮೆಯವರಿಗೆ ಇದನ್ನು ಹೇಳಬೇಕಿಲ್ಲ, ಆದರೂ ಅಂಗಡಿಗೆ ಹೋದಾಗ ನಮ್ಮ ಕೈ ಬೆಳ್ಳಗಿರುವ ಅಚ್ಚಿನ ಕಡೆಗೇ ಹೋಗುತ್ತದೆ. ಆ ಬಿಳುಪು ಎಷ್ಟೋ ಸಲ ಆಲೆಮನೆಯ ಕೊಪ್ಪರಿಗೆಗೆ ಹಾಕಿದ, ಬಣ್ಣ ತಿಳಿ ಮಾಡುವ ರಾಸಾಯನಿಕವಾದ ಹೈಡ್ರೋಸ್‌ನಿಂದ ಬಂದದ್ದು. ಅದನ್ನು ಹಾಕದ ಬೆಲ್ಲ ಕಂದು ಬಣ್ಣಕ್ಕಿರುತ್ತದೆ, ನಾಲಿಗೆಗೆ ಕಬ್ಬಿನ ರುಚಿ ಹತ್ತುತ್ತದೆ. ಬೇವಿನ ಜೊತೆಗೆ ನಿಲ್ಲುವುದು ಈ ಬೆಲ್ಲವೇ.

ಈಗ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಗಮನಿಸಿ. ಮೊದಲು ನಾಲಿಗೆಗೆ ಹತ್ತುವುದು ಬೆಲ್ಲ. ಅಗಿದಂತೆ ಕಹಿ ಏಳುತ್ತದೆ. ಆಮೇಲೆ ಎರಡೂ ಬೆರೆತು, ಯಾವುದು ಎಲ್ಲಿ ಮುಗಿಯಿತು ಅಂತ ಹೇಳಲು ಆಗುವುದಿಲ್ಲ. ನುಂಗಿದ ಮೇಲೂ ಗಂಟಲಲ್ಲಿ ಸ್ವಲ್ಪ ಕಹಿ ಉಳಿಯುತ್ತದೆ. ಶುಭಾಶಯದಲ್ಲಿ ಹೇಳಬೇಕಾದದ್ದು ಇಷ್ಟೇ. ಕಹಿ ಆದ ಮೇಲೆ ಸಿಹಿ ಅಂತ ಸರದಿಯಲ್ಲಿ ಬರುವುದಿಲ್ಲ, ಒಂದೇ ತುತ್ತಿನಲ್ಲಿ ಎರಡೂ ಇರುತ್ತವೆ. "ಕಷ್ಟದ ನಂತರ ಸುಖ" ಅನ್ನುವುದು ಬೇರೆ ಮಾತು. ಅದು ಧೈರ್ಯ ಹೇಳುವ ಮಾತು, ಬೇವು ಬೆಲ್ಲದ ಮಾತಲ್ಲ.

ಶ್ಲೋಕ ಹಾಕುವುದಾದರೆ

ಬಹಳ ಮನೆಗಳಲ್ಲಿ ಬೇವು ಬೆಲ್ಲ ಕೊಡುವಾಗ ಈ ಶ್ಲೋಕ ಹೇಳುತ್ತಾರೆ:

ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ ।
ಸರ್ವಾರಿಷ್ಟವಿನಾಶಾಯ ನಿಂಬಕಂದಳಭಕ್ಷಣಂ ॥

ನೂರು ವರ್ಷ ಆಯುಸ್ಸು, ವಜ್ರದಂಥ ದೇಹ, ಸಕಲ ಸಂಪತ್ತು ಸಿಗಲಿ, ಕೆಡುಕೆಲ್ಲ ಅಳಿಯಲಿ ಅಂತ ಬೇವಿನ ಚಿಗುರನ್ನು ತಿನ್ನುವುದು ಎಂದು ಇದರ ತಾತ್ಪರ್ಯ. ಗಮನಿಸಿದಿರಾ, ಇದರಲ್ಲಿ ಬೆಲ್ಲದ ಸುದ್ದಿಯೇ ಇಲ್ಲ. ಸುಖ ದುಃಖವನ್ನು ಸಮನಾಗಿ ತಗೊಳ್ಳಬೇಕು ಎಂಬ ಮಾತೂ ಇಲ್ಲ. ಶ್ಲೋಕ ಬೇವನ್ನು ಔಷಧಿಯ ಥರ ನೋಡುತ್ತದೆ. ಕಹಿ ಸಿಹಿ ಎರಡನ್ನೂ ಒಪ್ಪಿಕೊಳ್ಳುವ ಅರ್ಥ ಅಜ್ಜಿಯಂದಿರು ಬಟ್ಟಲು ಕೈಗಿಡುತ್ತಾ ಹೇಳಿಕೊಂಡು ಬಂದದ್ದು.

ಹಾಗಾಗಿ ಮೇಲೆ ಶ್ಲೋಕ ಹಾಕಿ, ಕೆಳಗೆ "ಅಂದರೆ ನೋವು ನಲಿವನ್ನು ಸಮವಾಗಿ ಸ್ವೀಕರಿಸಬೇಕು ಎಂದರ್ಥ" ಅಂತ ಬರೆದರೆ ಸಂಸ್ಕೃತ ತಿಳಿದ ಒಬ್ಬ ಮಾವ ಗುಂಪಿನಲ್ಲಿ ಖಂಡಿತ ಕೊಕ್ಕೆ ತೆಗೆಯುತ್ತಾರೆ. ಅವರು ಹೇಳುವುದು ಸರಿಯೂ ಹೌದು. ಶ್ಲೋಕ ಬೇಕೆಂದರೆ ಅದನ್ನು ಅದರ ಪಾಡಿಗೆ ಹಾಕಿ, ನಿಮ್ಮ ಮಾತನ್ನು ನಿಮ್ಮದಾಗಿಯೇ ಹೇಳಿ. ನನ್ನ ಕೇಳಿದರೆ ಚಿಕ್ಕ ಶುಭಾಶಯಕ್ಕೆ ಶ್ಲೋಕ ಬೇಡ. ಅದನ್ನು ಬಾಯಲ್ಲಿ ಹೇಳಿದರೇ ಚೆಂದ.

ಯಾರಿಗೆ, ಮತ್ತು ಯಾವ ಎರಡು ಸಂಗತಿ

ಈಗ ಬರೆಯಲು ಕೂರೋಣ. ಮೊದಲ ಹೆಜ್ಜೆ, ಓದುವವರು ಯಾರು ಅಂತ ತೀರ್ಮಾನ ಮಾಡುವುದು. ಎಲ್ಲರಿಗೂ ಒಂದೇ ಸಂದೇಶ ಕಳಿಸುವ ಯೋಚನೆ ಇದ್ದರೆ ಬೇವಿನ ಮಾತು ಹಗುರವಾಗಿಬಿಡುತ್ತದೆ. ಯಾಕೆಂದರೆ ನಿಮ್ಮ ಕಹಿ ಯಾವುದು ಅಂತ ಎಲ್ಲರಿಗೂ ಗೊತ್ತಿರುವುದಿಲ್ಲ. ಮನೆಯವರ ಗುಂಪು, ಜೊತೆಗೆ ಕೆಲಸ ಮಾಡುವವರು, ಅಂಗಡಿಯ ಗಿರಾಕಿಗಳು, ಹೀಗೆ ಒಂದು ಗುಂಪನ್ನು ಹಿಡಿದುಕೊಳ್ಳಿ.

ಎರಡನೇ ಹೆಜ್ಜೆಯೇ ಮುಖ್ಯ. ಕಳೆದ ಯುಗಾದಿಯಿಂದ ಈ ಯುಗಾದಿಯವರೆಗೆ ಆ ಗುಂಪಿಗೆ ಗೊತ್ತಿರುವ ಒಂದು ಕಹಿ ಸಂಗತಿ, ಒಂದು ಸಿಹಿ ಸಂಗತಿ ಬರೆದುಕೊಳ್ಳಿ. "ಕಷ್ಟಗಳು ಬಂದವು" ಅಂತ ಬರೆದರೆ ಆಗಲಿಲ್ಲ. ಬೋರ್‌ವೆಲ್ ಕೈಕೊಟ್ಟಿತು, ಕೆಲಸ ಹೋಯಿತು, ಅತ್ತೆಯ ಮಂಡಿ ಆಪರೇಷನ್ ಆಯಿತು, ಹೀಗೆ ಕಣ್ಣಿಗೆ ಕಾಣುವಂಥದ್ದು ಬೇಕು. ಸಿಹಿಯೂ ಹಾಗೆಯೇ. "ಸಂತೋಷದ ಕ್ಷಣಗಳು" ಅನ್ನುವುದಕ್ಕಿಂತ ಮಗಳ ಎಸ್ಸೆಸ್ಸೆಲ್ಸಿ ಪಾಸಾದದ್ದು ಮೇಲು.

ಎರಡೂ ಒಂದೇ ತೂಕದವಾಗಿರಬೇಕು ಅಂತೇನಿಲ್ಲ. ಬಟ್ಟಲಲ್ಲೂ ಬೆಲ್ಲವೇ ಜಾಸ್ತಿ. ಆದರೆ ಕಹಿ ಎಷ್ಟು ದೊಡ್ಡದು ಅಂತ ಸ್ವಲ್ಪ ನೋಡಿ. ಗಾಯ ಇನ್ನೂ ಹಸಿಯಾಗಿದ್ದರೆ ಅದನ್ನು ನಾಲ್ಕು ಸಾಲಿನ ಶುಭಾಶಯಕ್ಕೆ ತರಬೇಡಿ. ಹಾಗೆಯೇ ಕಹಿ ನಿಮ್ಮದಾಗಿರಲಿ, ಓದುವವರದ್ದಲ್ಲ. ತಮ್ಮನ ವ್ಯಾಪಾರ ಕೆಟ್ಟದ್ದನ್ನು ಅಣ್ಣ ಗುಂಪಿನಲ್ಲಿ ಬರೆದರೆ ಅದು ಹಂಗಿಸಿದಂತೆಯೇ.

ಮೂರನೇ ಹೆಜ್ಜೆ, ಎರಡು ಸಂಗತಿಯ ನಡುವೆ "ಆದರೆ" ಹಾಕದಿರುವುದು. "ಬೆಳೆ ಹೋಯಿತು, ಆದರೆ ಮಗು ಹುಟ್ಟಿತು" ಅಂದಾಗ ಸಿಹಿ ಕಹಿಯನ್ನು ಅಳಿಸಿಹಾಕಿದಂತೆ ಕೇಳುತ್ತದೆ. ಎರಡು ಬೇರೆ ಬೇರೆ ವಾಕ್ಯ ಮಾಡಿ, ಪಕ್ಕಪಕ್ಕ ಇಡಿ. ಬೇಕಿದ್ದರೆ "ಅದೇ ವರ್ಷ" ಅಂತ ಒಂದು ಮಾತು ಸೇರಿಸಿ.

ನಾಲ್ಕನೆಯದು ಬೇವು ಬೆಲ್ಲದ ಸಾಲು. ಇದು ಒಂದೇ ಇರಲಿ, ಅದರಲ್ಲಿ ತಿನ್ನುವ ಕೆಲಸ ಇರಲಿ. "ಬೇವು ದುಃಖದ ಸಂಕೇತ, ಬೆಲ್ಲ ಸುಖದ ಸಂಕೇತ" ಅಂತ ಬರೆದ ಕೂಡಲೇ ಅದು ಶಾಲೆಯ ಪ್ರಬಂಧವಾಗುತ್ತದೆ. ಕನ್ನಡದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. "ಎರಡನ್ನೂ ಒಟ್ಟಿಗೆ ತಿಂದೆವು" ಅಂದರೆ ಒಪ್ಪಿಕೊಂಡೆವು ಅಂತ ಅವರೇ ತಿಳಿದುಕೊಳ್ಳುತ್ತಾರೆ.

ಕೊನೆಗೆ ಹಾರೈಕೆ. ಇಲ್ಲಿ ಮತ್ತೆ ಜಾರಬೇಡಿ. ಮೂರು ಸಾಲು ಚೆನ್ನಾಗಿ ಬರೆದು, "ಬರುವ ವರ್ಷ ಬರೀ ಸಿಹಿಯನ್ನೇ ತರಲಿ" ಅಂತ ಮುಗಿಸಿದರೆ ಬರೆದದ್ದೆಲ್ಲ ನೀರಿಗೆ ಹಾಕಿದಂತೆ.

ಚಿಕ್ಕಪ್ಪನ ಸಂದೇಶ: ಮೂರು ಸಲ ಬರೆದದ್ದು

ಪಾಂಡವಪುರದ ಕಡೆ ನಮ್ಮ ಚಿಕ್ಕಪ್ಪ ಒಬ್ಬರು ಇದ್ದಾರೆ. ಕಬ್ಬು, ಭತ್ತ, ಎರಡು ಹಸು. ಒಂದು ಯುಗಾದಿಗೆ ಫೋನ್ ಮಾಡಿದ್ದರು. "ನೋಡವ್ವ, ಎಲ್ರೂ ಏನೇನೋ ಕಳುಸ್ತಾರೆ. ನಂದೂ ಒಂದು ಬರ್ಕೊಡು. ಉದ್ದ ಬ್ಯಾಡ. ಬೇವು ಬೆಲ್ಲುದ್ ಮಾತು ಇರ್ಲಿ." ಆ ಹೊತ್ತಿಗೆ ಅವರೇ ಬೇರೆಯವರಿಂದ ಬಂದದ್ದನ್ನು ಎತ್ತಿ ಇಟ್ಟುಕೊಂಡಿದ್ದರು:

"ಬೇವಿನ ಕಹಿ ಮರೆಯಾಗಲಿ, ಬೆಲ್ಲದ ಸಿಹಿ ಬಾಳೆಲ್ಲ ತುಂಬಲಿ. ನಿಮಗೂ ನಿಮ್ಮ ಕುಟುಂಬ ವರ್ಗದವರಿಗೂ ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು."

ಇದರ ಕೆಳಗೆ ಯಾರ ಹೆಸರು ಹಾಕಿದರೂ ನಡೆಯುತ್ತದೆ, ಅದೇ ಇದರ ತೊಂದರೆ. ಹೋದ ವರ್ಷ ಏನಾಯ್ತು ಅಂತ ಕೇಳಿದೆ. ಹೇಳುತ್ತಾ ಹೋದರು. ಕಬ್ಬು ಹನ್ನೆರಡು ತಿಂಗಳು ದಾಟಿದರೂ ಕಾರ್ಖಾನೆಯಿಂದ ಕಟಾವಿಗೆ ಆರ್ಡರ್ ಬರಲಿಲ್ಲ. ಗದ್ದೆಯಲ್ಲೇ ನಿಂತು ಸೂಲಂಗಿ ಬಿಟ್ಟಿತು, ಅಂದರೆ ತುದಿಯಲ್ಲಿ ಹೂವು ಬಂತು. ಹಾಗಾದರೆ ಕಬ್ಬಿನ ಒಳಗೆ ಬೆಂಡು ಬೀಳುತ್ತದೆ, ತೂಕ ಇಳಿಯುತ್ತದೆ. ಕೊನೆಗೆ ಕಾದು ಸಾಕಾಗಿ, ಸಿಕ್ಕ ರೇಟಿಗೆ ಹತ್ತಿರದ ಆಲೆಮನೆಗೆ ಹಾಕಿದರು. ಸಾಲ ಪೂರ್ತಿ ತೀರಲಿಲ್ಲ. ಇಷ್ಟು ಹೇಳಿ, ದನಿ ಬದಲಿಸಿ, "ಮೊಮ್ಮಗಳು ಅಂಬೆಗಾಲು ಇಡ್ತಾವ್ಳೆ ಕನವ್ವ" ಅಂದರು. ಬೇವೂ ಬೆಲ್ಲವೂ ಒಂದೇ ಉಸಿರಿನಲ್ಲಿ ಬಂದವು.

ಎರಡನೇ ಸಲ ನಾನು ಬರೆದದ್ದು ಹೀಗಿತ್ತು:

"ಬೇವು ಬದುಕಿನ ಕಷ್ಟಗಳ ಸಂಕೇತವಾದರೆ ಬೆಲ್ಲ ಸುಖದ ಸಂಕೇತ. ಹೋದ ವರ್ಷ ಕಬ್ಬಿನ ಬೆಳೆಯಲ್ಲಿ ನಷ್ಟವಾದರೂ ಮೊಮ್ಮಗಳ ಆಗಮನ ಸಂತಸ ತಂದಿತು. ಜೀವನದಲ್ಲಿ ಎರಡನ್ನೂ ಸಮಚಿತ್ತದಿಂದ ಸ್ವೀಕರಿಸಬೇಕೆಂದು ಯುಗಾದಿ ನಮಗೆ ಸಾರುತ್ತದೆ. ಎಲ್ಲರಿಗೂ ಶುಭಾಶಯಗಳು."

ಸಂಗತಿ ಬಂತು, ಮನುಷ್ಯ ಕಾಣೆಯಾದ. ನಮ್ಮ ಚಿಕ್ಕಪ್ಪ ಹುಟ್ಟಿದಾಗಿನಿಂದ "ಸಮಚಿತ್ತ" ಅಂದಿರಲಾರರು. "ಆಗಮನ" ಅಂದರೆ ಮೊಮ್ಮಗಳು ಯಾವುದೋ ಸಭೆಗೆ ಬಂದ ಮುಖ್ಯ ಅತಿಥಿ ಆದಳು. "ನಷ್ಟವಾದರೂ" ಎನ್ನುವ ಜೋಡಣೆ ಆಗಲೇ ಹೇಳಿದ "ಆದರೆ"ಯ ಕೆಲಸವನ್ನೇ ಮಾಡುತ್ತಿದೆ. ಮೂರನೇ ವಾಕ್ಯದಲ್ಲಿ ಉಪದೇಶ ಶುರುವಾಗಿದೆ, ಅದೂ ಅವರಿಗಿಂತ ದೊಡ್ಡವರೂ ಇರುವ ಗುಂಪಿನಲ್ಲಿ.

ಅವರು ಫೋನಿನಲ್ಲಿ ಇನ್ನೊಂದು ಮಾತು ಹೇಳಿದ್ದರು. ಆಲೆಮನೆಯವರು ಲೆಕ್ಕದ ಜೊತೆ ಒಂದಿಷ್ಟು ಬೆಲ್ಲವನ್ನೂ ಕೊಟ್ಟಿದ್ದರಂತೆ. ಹಬ್ಬಕ್ಕೆ ಅದೇ ಬೆಲ್ಲ ಅಂತೆ. ಅಂದರೆ ಅವರ ಬಟ್ಟಲಿನಲ್ಲಿ ಆ ಸಲ ಬೆಲ್ಲವೇ ಅರ್ಧ ಬೇವು. ಇದನ್ನು ಬಿಟ್ಟು ಸಂಕೇತದ ಮಾತು ಯಾಕೆ? ಮೂರನೇ ಸಲ ಬರೆದದ್ದು:

"ಹೋದ ವರ್ಷ ಕಬ್ಬು ಗದ್ದೆಯಲ್ಲೇ ಒಣಗಿ ಆಲೆಮನೆಗೆ ಹೋಯಿತು. ಅದೇ ವರ್ಷ ಮನೆಗೆ ಮೊಮ್ಮಗಳು ಬಂದಳು. ಇವತ್ತು ಆ ಕಬ್ಬಿನ ಬೆಲ್ಲಕ್ಕೇ ಬೇವು ಬೆರೆಸಿ ಎಲ್ಲರೂ ತಿಂದೆವು. ಮುಂದೆ ಏನು ಬಂದರೂ ಹೀಗೇ ಹಂಚಿಕೊಂಡು ತಿನ್ನೋಣ. ಯುಗಾದಿ ಶುಭಾಶಯ. ಚಂದ್ರ ನೋಡೋಕೆ ಊರಿಗೆ ಬನ್ನಿ."

ಇದನ್ನು ಓದಿ ಹೇಳಿದಾಗ ಅವರು ಒಂದೇ ತಿದ್ದುಪಡಿ ಹೇಳಿದರು. "ಒಣಗಿ ಅಂತ ಬ್ಯಾಡ. ಪೂರ್ತಿ ಒಣಗ್ನಿಲ್ಲ ಕನವ್ವ, ಸುಳ್ಳಾಯ್ತದೆ. ಕಾದು ಕಾದು ಅಂತ ಹಾಕು." ಅವರ ಮಾತೇ ಸರಿ. "ಕಬ್ಬು ಗದ್ದೆಯಲ್ಲೇ ಕಾದು ಕಾದು ಆಲೆಮನೆಗೆ ಹೋಯಿತು" ಅಂತ ಆಯಿತು. ಕಹಿಯನ್ನು ಇದ್ದಷ್ಟೇ ಹೇಳಬೇಕು. ಒಂದು ಹಿಡಿ ಹೆಚ್ಚು ಹಾಕಿದರೂ ಊರಿನವರಿಗೆ ಗೊತ್ತಾಗುತ್ತದೆ.

ಇದರಲ್ಲಿ ಯಾವ ಕಾರ್ಖಾನೆ, ಯಾರ ತಪ್ಪು ಅನ್ನುವುದು ಇಲ್ಲ ನೋಡಿ. ಅದು ಬೇರೆ ಜಗಳ, ಬೇರೆ ದಿನಕ್ಕೆ. ಬೇವು ಬೆಲ್ಲದ ಸಂದೇಶದಲ್ಲಿ ದೂರು ಸೇರಿದರೆ ಉತ್ತರಗಳೂ ಆ ಕಡೆಗೇ ಹರಿಯುತ್ತವೆ, ಹಬ್ಬ ಅಲ್ಲಿಗೇ ನಿಲ್ಲುತ್ತದೆ.

ಕೊನೆಯ ವಾಕ್ಯವೂ ಸುಮ್ನೆ ಬಂದದ್ದಲ್ಲ. ನಮ್ಮ ಕಡೆ ಯುಗಾದಿಯಲ್ಲಿ ಹೊಸ ಚಂದ್ರನನ್ನು ನೋಡಿ, ಆಮೇಲೆ ದೊಡ್ಡವರ ಕಾಲಿಗೆ ಬೀಳುತ್ತಾರೆ. ಪಾಡ್ಯದ ಸಂಜೆ ಚಂದ್ರ ತೀರಾ ಸಣ್ಣ ಗೆರೆ, ಎಷ್ಟೋ ಸಲ ಕಾಣುವುದೇ ಇಲ್ಲ. ಆಗ ಮರುದಿನ ಸಂಜೆ ನೋಡುತ್ತಾರೆ. ಶುಭಾಶಯದ ಕೊನೆಗೆ ಇಂಥ ಒಂದು ಕರೆ ಇದ್ದರೆ ಓದಿದವರು ಏನಾದರೂ ಮಾಡಬಹುದು. ಬರುತ್ತೇನೆ ಅನ್ನಬಹುದು, ಬರಲಾಗದಿದ್ದರೆ ಫೋನ್ ಮಾಡಬಹುದು. ಬರೀ ಕೈಮುಗಿದ ಚಿತ್ರ ಹಾಕಿ ಮುಂದೆ ಹೋಗಬೇಕಿಲ್ಲ.

ಸಾವಾದ ಮನೆಗೆ

ಎಲ್ಲರೂ ತಡವರಿಸುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಮನೆಯವರು ಯಾರಾದರೂ ತೀರಿಕೊಂಡರೆ ವರ್ಷ ತುಂಬುವವರೆಗೆ ಆ ಮನೆಯಲ್ಲಿ ಹಬ್ಬ ಮಾಡುವುದಿಲ್ಲ. ತೋರಣ ಕಟ್ಟುವುದಿಲ್ಲ, ಒಬ್ಬಟ್ಟು ತಟ್ಟುವುದಿಲ್ಲ. ಎಷ್ಟೋ ಕಡೆ ನೆಂಟರು ಇಷ್ಟರು ಒಬ್ಬಟ್ಟು ತೆಗೆದುಕೊಂಡು ಹೋಗಿ ಕೊಟ್ಟು ಬರುತ್ತಾರೆ. ಅಂಥ ಮನೆಗೆ ಎಲ್ಲರಿಗೂ ಕಳಿಸಿದ ಶುಭಾಶಯವೇ ಹೋದರೆ ನೋವಾಗುತ್ತದೆ. ಏನೂ ಕಳಿಸದೆ ಸುಮ್ಮನಿದ್ದರೆ ಮರೆತುಬಿಟ್ಟರು ಅನ್ನಿಸುತ್ತದೆ.

ಇಲ್ಲಿ "ಶುಭಾಶಯ" ಎಂಬ ಮಾತು ಬಿಡಿ. ಬೇವು ಬೆಲ್ಲದ ಅರ್ಥವನ್ನೂ ಬಿಡಿ. ಕಹಿಯನ್ನು ಒಪ್ಪಿಕೊಳ್ಳಿ ಅಂತ ಅವರಿಗೆ ಹೇಳಲು ನಾವ್ಯಾರು? ಅವರು ಆ ಬೇವನ್ನು ತಿನ್ನುತ್ತಲೇ ಇದ್ದಾರೆ. ತೀರಿಕೊಂಡವರ ಕೈಯ ಬೇವು ಬೆಲ್ಲದ ನೆನಪೊಂದಿದ್ದರೆ ಅದನ್ನು ಬರೆಯಿರಿ. ಉದಾಹರಣೆಗೆ ಅತ್ತೆಯನ್ನು ಕಳೆದುಕೊಂಡ ಅಕ್ಕನಿಗೆ:

"ಅಕ್ಕಾ, ಅತ್ತೆ ನಮ್ಮೆಲ್ಲರ ಕೈಗೆ ಬೇವು ಜಾಸ್ತಿ ಹಾಕಿ, ತಿಂದ ಮೇಲೆ ಬೆಲ್ಲದ ಚೂರು ಕೊಡುತ್ತಿದ್ದರು. ಇವತ್ತು ಬೆಳಿಗ್ಗೆ ಅದೇ ನೆನಪಾಯಿತು. ಸಂಜೆ ಒಬ್ಬಟ್ಟು ತರುತ್ತೇನೆ, ಮನೆಯಲ್ಲೇ ಇರಿ."

ಇಷ್ಟು ಸಾಕು. ಇದನ್ನು ಗುಂಪಿಗೆ ಹಾಕದೆ ಅವರೊಬ್ಬರಿಗೇ ಕಳಿಸಿ. ಕಳಿಸಿದ ಮೇಲೆ ಒಬ್ಬಟ್ಟು ತೆಗೆದುಕೊಂಡು ಹೋಗುವುದು ಕಡ್ಡಾಯ.

ಅಂಗಡಿ, ಆಫೀಸು

ಗಿರಾಕಿಗಳಿಗೆ ಸ್ವಂತ ಮನೆಯ ಕಹಿ ಹೇಳುವುದು ಸರಿಯಲ್ಲ. ಎಲ್ಲರೂ ಒಟ್ಟಿಗೆ ಅನುಭವಿಸಿದ ಸಣ್ಣ ಕಹಿ ಹುಡುಕಿ. ಮೈಸೂರಿನ ಒಂದು ದಿನಸಿ ಅಂಗಡಿಯ ಮುಂದೆ ರಸ್ತೆ ಅಗೆದು ತಿಂಗಳುಗಟ್ಟಲೆ ಹಾಗೇ ಬಿಟ್ಟಿದ್ದರು ಅಂತ ಇಟ್ಟುಕೊಳ್ಳಿ. "ಹೋದ ವರ್ಷ ಅಂಗಡಿ ಮುಂದೆ ಗುಂಡಿ ಇತ್ತು, ನೀವು ದಾಟಿಕೊಂಡೇ ಬಂದಿರಿ. ಈ ಯುಗಾದಿಗೆ ಕೌಂಟರ್ ಮೇಲೆ ಬೇವು ಬೆಲ್ಲದ ಬಟ್ಟಲಿದೆ, ಒಂದು ಚಿಟಿಕೆ ತಗೊಂಡು ಹೋಗಿ." ಬೇವು ಬೆಲ್ಲದ ಅರ್ಥವೂ ಬಂತು, ವ್ಯಾಪಾರವೂ ಆಯಿತು. ಆಫೀಸಿಗೂ ಇದೇ ಲೆಕ್ಕ. ಆದರೆ ಅಲ್ಲಿ ಕಹಿ ಮೇಲಿನವರನ್ನು ಚುಚ್ಚುವ ಹಾಗಿರದಿರಲಿ, ಪ್ರಮೋಷನ್ ಹತ್ತಿರ ಇದ್ದರಂತೂ ಬರೀ ಬೆಲ್ಲದ ಮಾತೇ ಕ್ಷೇಮ.

ಕಳಿಸುವ ಮುನ್ನ

ಸಂವತ್ಸರದ ಹೆಸರು ಹಾಕುವುದಾದರೆ ಹೊಸ ಪಂಚಾಂಗ ನೋಡಿ ಹಾಕಿ. ಹೋದ ವರ್ಷದ ಸಂದೇಶವನ್ನೇ ಎತ್ತಿ ಕಳಿಸಿದವರು ಸಿಕ್ಕಿಬೀಳುವುದು ಇಲ್ಲೇ. 2024ರ ಯುಗಾದಿಗೆ ಕ್ರೋಧಿ, 2025ಕ್ಕೆ ವಿಶ್ವಾವಸು, 2026ಕ್ಕೆ ಪರಾಭವ, 2027ಕ್ಕೆ ಪ್ಲವಂಗ. ಅರವತ್ತು ಹೆಸರು ಸರದಿಯಲ್ಲಿ ಸುತ್ತುತ್ತವೆ. "ಕ್ರೋಧಿ ಸಂವತ್ಸರದ ಶುಭಾಶಯ" ಅನ್ನಲು ಕೆಲವರಿಗೆ ಮುಜುಗರ. ಹೆಸರು ಬಿಟ್ಟು "ಯುಗಾದಿ ಶುಭಾಶಯ" ಅಂದರೆ ಏನೂ ಕಮ್ಮಿಯಾಗುವುದಿಲ್ಲ. ಬೇವು ತಿನ್ನುವ ಹಬ್ಬದಲ್ಲಿ ಹೆಸರಿಗೆ ಹೆದರುವುದೇಕೆ ಅನ್ನಿಸಿದರೆ ಹಾಕಿ. ಹೆಸರಿನ ಅರ್ಥ ಹಿಡಿದು ಭವಿಷ್ಯ ಹೇಳಲು ಮಾತ್ರ ಹೋಗಬೇಡಿ.

"ಶುಭಾಷಯ" ಅಲ್ಲ, "ಶುಭಾಶಯ". "ಹಾರ್ಧಿಕ" ಅಲ್ಲ, "ಹಾರ್ದಿಕ". ಇವೆರಡು ತಪ್ಪು ಬ್ಯಾನರ್‌ಗಳಲ್ಲೂ ಕಾಣುತ್ತವೆ, ಅಲ್ಲಿಂದ ನೋಡಿ ಬರೆದುಕೊಳ್ಳಬೇಡಿ. ಯುಗಾದಿ, ಉಗಾದಿ ಎರಡೂ ನಡೆಯುತ್ತವೆ. ಮನೆಯಲ್ಲಿ ಹೇಗೆ ಅನ್ನುತ್ತೀರೋ ಹಾಗೆ ಬರೆಯಿರಿ.

ಚಿತ್ರದ ಮೇಲೆ ಅಕ್ಷರ ಹಾಕುವವರು ಒಂದು ವಿಷಯ ನೋಡಿಕೊಳ್ಳಬೇಕು. ಕೆಲವು ಆ್ಯಪ್‌ಗಳಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕಕ್ಕೆ ಸಾಲಾಗಿ ನಿಲ್ಲುತ್ತದೆ. "ಸಂವತ್ಸರ", "ಬೆಲ್ಲ", "ಹಬ್ಬ" ಮೂರನ್ನೂ ಹಾಕಿ ನೋಡಿ. "ಬೆಲ್ಲ"ದ ಲಾವತ್ತು ಸರಿಯಾಗಿ ಕೂತಿಲ್ಲ ಅಂದರೆ ಬೇರೆ ಫಾಂಟ್ ಆರಿಸಿ. ಕಂಪ್ಯೂಟರಿನಲ್ಲಿ ಹಳೆಯ "ನುಡಿ" ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಫೋನಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು ಬರುತ್ತದೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿ. ನಿಜ ಹೇಳಬೇಕೆಂದರೆ ಚಿತ್ರಕ್ಕಿಂತ ಬರೀ ಅಕ್ಷರವೇ ವಾಸಿ. ಹೂವು, ಕಲಶ, ಉದಯಸೂರ್ಯ ಇರುವ ಚಿತ್ರವನ್ನು ಯಾರೂ ತೆರೆದು ಓದುವುದಿಲ್ಲ. ಮೂವತ್ತು ನಲವತ್ತು ಪದದ ಒಳಗೆ ಮುಗಿಸಿದರೆ ಅಜ್ಜನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದರೂ ಪೂರ್ತಿ ಕಾಣುತ್ತದೆ.

ಒಮ್ಮೆ ಗಟ್ಟಿಯಾಗಿ ಓದಿ. ಮನೆಯಲ್ಲಿ ಮಾತಾಡುವಾಗ ನೀವು ಆಡದ ಪದ ಬಂದರೆ ನಾಲಿಗೆ ಅಲ್ಲೇ ತಡೆಯುತ್ತದೆ. ಅದನ್ನು ತೆಗೆಯಿರಿ.

ಇನ್ನು ಯಾವಾಗ ಕಳಿಸುವುದು? ಹಿಂದಿನ ರಾತ್ರಿ ಬೇಡ. "ತಿಂದೆವು" ಅಂತ ಬರೆದ ಮೇಲೆ ತಿಂದೇ ಕಳಿಸಬೇಕು. ಸ್ನಾನ, ಪೂಜೆ, ಬೇವು ಬೆಲ್ಲ ಆಗಿ, ಒಬ್ಬಟ್ಟಿನ ಹೂರಣ ಒಲೆಯ ಮೇಲಿರುವ ಹೊತ್ತಿಗೆ, ಅಂದರೆ ಬೆಳಿಗ್ಗೆ ಒಂಬತ್ತು ಹತ್ತರ ಸುಮಾರಿಗೆ ಕಳಿಸಿದರೆ ಓದುವವರ ಬಾಯಲ್ಲೂ ಅದೇ ರುಚಿ ಇರುತ್ತದೆ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಸಂಜೆ ಚಂದ್ರ ನೋಡುವ ಹೊತ್ತಿಗೆ ಕಳಿಸಿದರೂ ನಡೆಯುತ್ತದೆ. ಮರುದಿನಕ್ಕೆ ಮಾತ್ರ ಉಳಿಸಿಕೊಳ್ಳಬೇಡಿ. ಅವತ್ತು ಹೊಸತೊಡಕು, ಬಾಡೂಟದ ದಿನ. ಮಂಡ್ಯದಲ್ಲಿ ಅರ್ಧ ಊರು ಬೆಳಗಾಗುವ ಮೊದಲೇ ಗುಡ್ಡೆ ಮಾಂಸಕ್ಕೆ ಸಾಲು ನಿಂತಿರುತ್ತದೆ, ಬೇವಿನ ಮಾತು ಯಾರಿಗೂ ಬೇಕಿರುವುದಿಲ್ಲ.